ಚೀನಕ್ಕೆ ಹೊರಟ ಮೆಣಸಿನಕಾಯಿಯ ಪಟ್ಟಿ

ಮದುವೆಯ ಆಮಂತ್ರಣ ಪತ್ರಿಕೆ ಬಿಟ್ಟರೆ ನಮ್ಮ ಕಡೆಯ ಜನ ಧಾರಾಳವಾಗಿ ವಿಶೇಷಣ ಸುರಿಯುವ ಇನ್ನೊಂದು ಜಾಗ ಮೆಣಸಿನಕಾಯಿ ಚೀಲದ ಮೈ. ಮೇಲೆ ಯಲ್ಲಮ್ಮದೇವಿ ಪ್ರಸನ್ನ, ಅದರ ಕೆಳಗೆ 'ಅಸಲಿ ಬ್ಯಾಡಗಿ', ಆಮೇಲೆ 'ಉತ್ತಮ ದರ್ಜೆಯ ಕಡುಗೆಂಪು', ಕೊನೆಗೆ ಅಂಗಡಿಯ ಹೆಸರು, ಮಾಲೀಕರ ತಂದೆಯ ಹೆಸರು. ಬೇಡ ಅನ್ನುವವರು ಯಾರು? ಚೀಲ ಸವದತ್ತಿಯಿಂದ ಹುಬ್ಬಳ್ಳಿಗೆ ಹೋಗುವವರೆಗೆ ಇದೆಲ್ಲ ಚೆಂದ. ಅದೇ ಚೀಲ ಹಡಗು ಹತ್ತಿ ಚೀನದ ಚಿಂಗ್ದಾವ್ ಬಂದರಿನಲ್ಲಿ ಇಳಿದಾಗ ಅಲ್ಲಿನ ಸುಂಕದವರು ಇಷ್ಟರಲ್ಲಿ ಒಂದನ್ನೂ ಓದುವುದಿಲ್ಲ. ಅವರು ಕೇಳುವುದು ಬಹಳ ಬೋಳು ಪ್ರಶ್ನೆ: ಇದೇನು, ಒಣಗಿದೆಯೋ ಹಸಿಯೋ, ಪುಡಿ ಮಾಡಿದ್ದೋ ಇಡಿಯದ್ದೋ, ಎಷ್ಟು ಚೀಲ, ಎಷ್ಟು ತೂಕ, ಯಾವ ದೇಶದ್ದು?

ನಾನು ಈ ಪುರಾಣ ಹೇಳಲು ಕಾರಣ ನನ್ನ ಅಕ್ಕನ ಮಗ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ಅವರಿವರ ರಫ್ತು ಕಾಗದ ತಿದ್ದಿ ನಿವೃತ್ತನಾದವನು ನಾನು. ಹಾಗಾಗಿ ಮಲಪ್ರಭೆಯ ದಂಡೆಯಲ್ಲಿ ಯಾರಿಗಾದರೂ ಹೊರದೇಶದ ಕಾಗದ ಬಂದರೆ ಅದು ಒಂದು ಸುತ್ತು ನನ್ನ ಕಟ್ಟೆಗೆ ಬಂದೇ ಹೋಗುತ್ತದೆ. ಅಳಿಯ ನವಿಲುತೀರ್ಥದ ಅಣೆಕಟ್ಟು ನೋಡುವ ನೆಪ ಮಾಡಿಕೊಂಡು ಬಂದ. ಅವನು ಹುಟ್ಟಿ ಬೆಳೆದದ್ದೇ ಮುನವಳ್ಳಿಯಲ್ಲಿ, ಅಣೆಕಟ್ಟು ನೋಡದ ದಿನವಿಲ್ಲ. ಬಂದವನೇ ಎರಡು ಭಾಷೆಯ ಒಂದು ನಮೂನೆ ಮುಂದೆ ಹಿಡಿದ.

"ಮಾವಾ, ಇದನ್ನೊಂಚೂರು ನೋಡ್ರಿ. ಅರ್ಧಾ ಇಂಗ್ಲಿಷ್ ಐತಿ, ಅರ್ಧಾ ಚೀನೀ ಐತಿ. ಇಂಗ್ಲಿಷ್‌ನ ನಾ ತುಂಬಿದ್ನಿ. ಚೀನೀದು ಏಜೆಂಟರ ಆಫೀಸಿನ ಗುಮಾಸ್ತ ತುಂಬ್ಯಾನ."

"ನಿನಗ ತಿಳೀಲಾರದ್ದನ್ನ ಅವ ತುಂಬಿದಾ, ಅವಗ ತಿಳೀಲಾರದ್ದನ್ನ ನೀ ಸಹಿ ಮಾಡ್ತಿ. ಭೇಷ್!" ಅಂದೆ.

ಮೊದಲು ಒಂದು ಮಾತು ಹೇಳಿಬಿಡಬೇಕು. ಭಾರತದಿಂದ ಹೊರಡುವ ಪ್ಯಾಕಿಂಗ್ ಲಿಸ್ಟ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅಲ್ಲಿ ಸುಂಕದ ಘೋಷಣೆಯನ್ನು ಚೀನೀ ಭಾಷೆಯಲ್ಲಿ ಬರೆಯುವವನು ಕೊಳ್ಳುವವನ ಕಡೆಯ ಕಸ್ಟಮ್ಸ್ ದಲ್ಲಾಳಿ. ಆದರೆ ಕೆಲವು ಖರೀದಿದಾರರು ಎರಡು ಭಾಷೆಯ ನಮೂನೆ ಕಳಿಸುತ್ತಾರೆ, ದಲ್ಲಾಳಿ ಅದನ್ನು ನೋಡಿಕೊಂಡೇ ಘೋಷಣೆ ಬರೆಯುತ್ತಾನೆ. ಇಲ್ಲಿ ತಪ್ಪು ಹೆಸರು ಕೂತರೆ ಅಲ್ಲಿ ಅದೇ ಹೆಸರು ಮುಂದುವರಿಯುತ್ತದೆ. ಆ ನಮೂನೆಯ ತಲೆಬರಹ 装箱单, ಅಂದರೆ ಜುವಾಂಗ್ ಶಿಯಾಂಗ್ ದಾನ್. ಪೆಟ್ಟಿಗೆಗೆ ತುಂಬಿದ್ದರ ಚೀಟಿ ಎಂದು ಅರ್ಥ. ನಮ್ಮದು ಪೆಟ್ಟಿಗೆಯಲ್ಲ ಚೀಲ ಎಂದು ಯಾರೂ ಜಗಳ ತೆಗೆಯುವುದಿಲ್ಲ.

ಅಳಿಯನ ಸರಕು ಇಡಿ ಒಣಮೆಣಸಿನಕಾಯಿ. ಸವದತ್ತಿ, ಬೈಲಹೊಂಗಲದ ಎರೆಹೊಲಗಳಲ್ಲಿ ಬೆಳೆದದ್ದು, ಸುಕ್ಕುಸುಕ್ಕಾಗಿ ಉದ್ದಕ್ಕೆ ಒಣಗುವ ಕಡ್ಡಿ ಜಾತಿಯದ್ದು. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಬೆಲೆ. ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಹಾಗಾಗಿ ಅಳಿಯನಿಗೆ ಆ ಹೆಸರಿನ ಮೇಲೆ ಬಹಳ ಅಭಿಮಾನ. ಇಂಗ್ಲಿಷ್ ಕಾಲಮಿನಲ್ಲಿ ಎರಡು ಸಾಲು ತುಂಬ ಬಣ್ಣನೆ ಬರೆದು, ಕೊನೆಯಲ್ಲಿ 'ರೆಡ್ ಪೆಪ್ಪರ್' ಎಂದು ಮುಗಿಸಿದ್ದ. ಗುಮಾಸ್ತ ಬಣ್ಣನೆಯನ್ನೆಲ್ಲ ಬಿಟ್ಟು ಕೊನೆಯ ಎರಡು ಪದಗಳನ್ನು ಮಾತ್ರ ಹಿಡಿದಿದ್ದ. ಚೀನೀ ಕಾಲಮಿನಲ್ಲಿ 红胡椒 ಎಂದಿತ್ತು. ಹೊಂಗ್ ಹೂಜಿಯಾವ್. ಕೆಂಪು ಕಾಳುಮೆಣಸು!

ಇದು ಆ ಗುಮಾಸ್ತನೊಬ್ಬನ ತಪ್ಪು ಎಂದರೆ ಅನ್ಯಾಯವಾದೀತು. ಇದರ ಹಿಂದೆ ಐದು ನೂರು ವರ್ಷದ ಗೊಂದಲ ಇದೆ. ಮೆಣಸಿನಕಾಯಿ ಅಮೆರಿಕದ ಗಿಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದು ಗೋವೆಯಲ್ಲಿ ಇಳಿದು, ಘಟ್ಟ ಹತ್ತಿ ನಮ್ಮ ರೊಟ್ಟಿಯ ಪಕ್ಕಕ್ಕೆ ಬಂದು ಕೂತಿತು. ಅದಕ್ಕೆ ಹೊಸ ಹೆಸರು ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಇಂಗ್ಲಿಷರು ಕಾಳುಮೆಣಸಿನ ಹೆಸರನ್ನೇ ಇದಕ್ಕೂ ಕೊಟ್ಟರು. ನಾವು ಮೆಣಸಿಗೆ 'ಕಾಯಿ' ಸೇರಿಸಿದೆವು. ಚೀನದವರ ಹತ್ತಿರ ಮೊದಲೇ ನಾಲಿಗೆ ಜುಮ್ಮೆನ್ನಿಸುವ ಹ್ವಾಜಿಯಾವ್ ಎಂಬ ತಮ್ಮದೇ ಮಸಾಲೆ ಇತ್ತು. ಅದರ 'ಜಿಯಾವ್' ಇಟ್ಟುಕೊಂಡು, ಹೊರಗಿನಿಂದ ಬಂದ ಕಾಳುಮೆಣಸಿಗೆ 'ಹೂ' ಹಚ್ಚಿ ಹೂಜಿಯಾವ್ ಎಂದರು, ಈ ಹೊಸ ಕಾಯಿಗೆ 'ಲಾ' ಹಚ್ಚಿ ಲಾಜಿಯಾವ್ ಎಂದರು. 'ಹೂ' ಪರದೇಶದ್ದು, 'ಲಾ' ಖಾರದ್ದು. ಚೀನಕ್ಕೆ ಎರಡೂ ಹೊರಗಿನಿಂದಲೇ ಬಂದವು, ಪರದೇಶಿ ಎಂಬ ಹೆಸರು ಮಾತ್ರ ಈಗ ಕಾಳುಮೆಣಸೊಂದರ ತಲೆಯ ಮೇಲೆ ಉಳಿದಿದೆ. ಇರಲಿ, ಭಾಷೆಗೆ ನ್ಯಾಯ ಕೇಳಲು ಹೋದವನು ಊಟದ ಹೊತ್ತಿಗೆ ಮನೆ ಸೇರುವುದಿಲ್ಲ.

ಹೆಸರಿನ ಈ ಒಂದು ಅಕ್ಷರ ಸುಂಕದಲ್ಲಿ ಎಲ್ಲಿ ತೊಡಕುತ್ತದೆ ನೋಡಿ. ಜಗತ್ತಿನ ದೇಶಗಳೆಲ್ಲ ಹೆಚ್ಚುಕಡಿಮೆ ಒಂದೇ ಸರಕು ಸಂಕೇತಪಟ್ಟಿ ಬಳಸುತ್ತವೆ. ಮೊದಲ ಆರು ಅಂಕಿ ಎಲ್ಲರಿಗೂ ಒಂದೇ. ಪುಡಿ ಮಾಡದ ಕಾಳುಮೆಣಸು 0904.11. ಒಣಗಿಸಿದ, ಪುಡಿ ಮಾಡದ ಮೆಣಸಿನಕಾಯಿ 0904.21. ಕುಟ್ಟಿದ್ದು, ಬೀಸಿದ್ದು ಆದರೆ 0904.22. ಅಳಿಯನ ಕಾಗದದಲ್ಲಿ ಸಂಖ್ಯೆ 0904.21 ಎಂದು ಸರಿಯಾಗಿಯೇ ಇತ್ತು, ಹೆಸರು ಮಾತ್ರ 0904.11ರ ಮನೆಯದ್ದು. ಸಂಖ್ಯೆ ಒಂದು ಹೇಳಿ ಹೆಸರು ಇನ್ನೊಂದು ಹೇಳಿದರೆ ಸುಂಕದ ಅಧಿಕಾರಿ ಎರಡನ್ನೂ ನಂಬುವುದಿಲ್ಲ. ಕಂಟೇನರ್ ತೆರೆಸಿ ನೋಡುತ್ತೇನೆ ಅನ್ನುತ್ತಾನೆ. ಅವನು ನೋಡುವ ದಿನ ಬರುವವರೆಗೆ ಬಂದರಿನ ಬಾಡಿಗೆ ಬೇರೆ, ಹಡಗು ಕಂಪನಿಯ ಡಬ್ಬಿ ಬಾಡಿಗೆ ಬೇರೆ, ಎರಡೂ ದಿನದ ಲೆಕ್ಕದಲ್ಲಿ ಏರುತ್ತವೆ. ಮೆಣಸಿನಕಾಯಿಯಲ್ಲಿ ಇರುವ ಲಾಭ ಅದನ್ನು ತಡೆಯುವಷ್ಟು ದಪ್ಪ ಇರುವುದಿಲ್ಲ.

ಚೀನೀ ಬಾರದವರಿಗೆ ಇಂಥ ತಪ್ಪು ಹೇಗೆ ಗೊತ್ತಾಗಬೇಕು? ಒಂದು ಸುಲಭ ದಾರಿ ಇದೆ. ಸರಕಿನ ಜೊತೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಹೋಗುತ್ತದೆ, ಅದರಲ್ಲಿ ಗಿಡದ ಶಾಸ್ತ್ರೀಯ ಹೆಸರು ಇರುತ್ತದೆ. ಅಲ್ಲಿ ಕ್ಯಾಪ್ಸಿಕಮ್ ಎಂದಿದ್ದರೆ ಪ್ಯಾಕಿಂಗ್ ಲಿಸ್ಟಿನಲ್ಲಿ 辣 ಅಕ್ಷರ ಕಾಣಬೇಕು. ಪೈಪರ್ ಎಂದಿದ್ದರೆ 胡 ಕಾಣಬೇಕು. ಓದಲು ಬರಬೇಕೆಂದಿಲ್ಲ, ರಂಗೋಲಿಯ ಎಳೆ ಎಣಿಸಿದಂತೆ ಎರಡು ಅಕ್ಷರ ಹೋಲಿಸಿ ನೋಡಿದರೆ ಮುಗಿಯಿತು. ಇಂಗ್ಲಿಷ್ ಕಾಲಮಿನಲ್ಲಿ ಪೆಪ್ಪರ್ ಎಂಬ ಮಾತನ್ನೇ ಎತ್ತದೆ ಚಿಲ್ಲಿ ಎಂದು ಬರೆದರೆ ಗುಮಾಸ್ತನಿಗೂ ದಾರಿ ತಪ್ಪುವ ಅವಕಾಶ ಇರುವುದಿಲ್ಲ.

ಇದೇ ಥರದ ಇನ್ನೊಂದು ಗುಂಡಿ ಜೀರಿಗೆ, ಬಡೇಸೋಪಿನದು. ಚೀನದ ಬೀದಿಯಲ್ಲಿ ಕುರಿಮಾಂಸ ಸುಡುವವರು ಉದುರಿಸುವ ಜೀರಿಗೆಗೆ 孜然 ಎನ್ನುತ್ತಾರೆ, ಸುಂಕದ ಪುಸ್ತಕದಲ್ಲಿ ಅದೇ ಜೀರಿಗೆ 枯茗 ಎಂಬ ಗಂಭೀರ ಹೆಸರಿನಲ್ಲಿ ಕೂತಿದೆ. 小茴香 ಎಂದರೆ ಬಡೇಸೋಪು. ಅಂಗಡಿ ಮಾತಿನಲ್ಲಿ ಕೆಲವರು ಜೀರಿಗೆಗೂ ಇದೇ ಹೆಸರು ಎಳೆದು ತರುತ್ತಾರೆ. ಜೀರಿಗೆಯ ಸಂಕೇತ 0909.31, ಬಡೇಸೋಪಿನದು 0909.61. ಅಳಿಯ ಜೀರಿಗೆ ಕಳಿಸುತ್ತಿರಲಿಲ್ಲ, ಆದ್ದರಿಂದ ಇದನ್ನು ಇಲ್ಲಿಗೇ ಬಿಡುತ್ತೇನೆ.

ಹೆಸರು ತಿದ್ದಿಸಿದ ಮೇಲೆ ಅಳಿಯನಿಗೆ ಬೇಸರವಾಯಿತು. "ಬ್ಯಾಡಗಿ ಅನ್ನೋದನ್ನ ತೆಗಿಬ್ಯಾಡ್ರಿ ಮಾವಾ, ರೇಟ್ ಬಂದಿದ್ದ ಅದರ ಮ್ಯಾಲ." ಅವನ ಮಾತು ನ್ಯಾಯವೇ. ಆದರೆ ಬ್ಯಾಡಗಿ ಎಂಬುದು ಸರಕಿನ ಹೆಸರಿನ ಕಾಲಮಿನದ್ದಲ್ಲ, ತಳಿ ಮತ್ತು ದರ್ಜೆ ಬರೆಯುವ 规格 ಕಾಲಮಿನದ್ದು. ತೊಟ್ಟು ಇದೆಯೋ ತೆಗೆದಿದೆಯೋ ಎಂಬುದೂ ಅಲ್ಲಿಗೇ. ತೊಟ್ಟು ಇದ್ದರೆ 带把, ತೆಗೆದಿದ್ದರೆ 去把. ತೊಟ್ಟಿನಿಂದ ಸಂಕೇತ ಬದಲಾಗುವುದಿಲ್ಲ, ದರ ಬದಲಾಗುತ್ತದೆ. ಹೆಂಗಸರು ಸಾಲಾಗಿ ಕೂತು ತೊಟ್ಟು ಮುರಿಯುವ ಕೂಲಿ ಕಾಯಿಯ ದರಕ್ಕೆ ಸೇರುತ್ತದೆಯಲ್ಲ. ಬ್ಯಾಡಗಿಯನ್ನು ಬ್ರ್ಯಾಂಡ್ ಕಾಲಮಿನಲ್ಲಿ ಹಾಕುವುದು ಇನ್ನೊಂದು ಚಪಲ. ಚೀನದ ಸುಂಕದ ಘೋಷಣೆಯಲ್ಲಿ ಬ್ರ್ಯಾಂಡ್ ಯಾವ ಬಗೆಯದು ಎಂದು ಕೇಳುವ ಮನೆಯೊಂದಿದೆ. ಚೀಲದ ಮೇಲೆ ಯಾವ ಬ್ರ್ಯಾಂಡೂ ಇಲ್ಲದಿದ್ದರೆ 无品牌, ಬ್ರ್ಯಾಂಡ್ ಇಲ್ಲ, ಎಂದು ಬರೆಯುತ್ತಾರೆ. ಬ್ಯಾಡಗಿ ಒಂದು ಸೀಮೆಯ ಬೆಳೆಯ ಗುರುತು, ಒಬ್ಬ ವ್ಯಾಪಾರಿಯ ಬ್ರ್ಯಾಂಡ್ ಅಲ್ಲ.

ಇಲ್ಲಿ ನನ್ನ ಹಳೆಯ ಕಸುಬಿನ ಒಂದು ಮಾತು ನುಗ್ಗಿ ಬರುತ್ತದೆ, ಕ್ಷಮಿಸಿ. ಕೊಳ್ಳುವವನು ಬ್ಯಾಂಕಿನ ಸಾಲಪತ್ರ, ಅಂದರೆ ಎಲ್‌ಸಿ, ತೆರೆದಿದ್ದರೆ ಕಾಗದ ನೋಡುವ ಬ್ಯಾಂಕುಗಳಿಗೆ ಒಂದು ನಿಯಮದ ಪುಸ್ತಕ ಇದೆ. ಯುಸಿಪಿ 600 ಎಂದು ಹೆಸರು, 2007ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸರಕಿನ ವರ್ಣನೆ ಎಲ್‌ಸಿಯಲ್ಲಿ ಇರುವುದಕ್ಕೆ ಸರಿಹೊಂದಬೇಕಾದದ್ದು ಇನ್‌ವಾಯ್ಸಿನಲ್ಲಿ. ಪ್ಯಾಕಿಂಗ್ ಲಿಸ್ಟಿನಂಥ ಉಳಿದ ಕಾಗದಗಳಲ್ಲಿ ಸಾಮಾನ್ಯ ಮಾತಿನಲ್ಲಿ ಬರೆದರೂ ನಡೆಯುತ್ತದೆ, ಎಲ್‌ಸಿಯ ಮಾತಿಗೆ ವಿರುದ್ಧ ಆಗಬಾರದು ಅಷ್ಟೇ. ಅಂದರೆ ಬ್ಯಾಡಗಿ, ಬೆಳೆಯ ವರ್ಷ, ಬಣ್ಣದ ಅಂಕಿ ಎಲ್ಲವೂ ಇನ್‌ವಾಯ್ಸಿನಲ್ಲಿ ಸುಖವಾಗಿ ಇರಲಿ. ಪ್ಯಾಕಿಂಗ್ ಲಿಸ್ಟಿನಲ್ಲಿ 'ಒಣಮೆಣಸಿನಕಾಯಿ, ಪುಡಿ ಮಾಡದ್ದು' ಎಂದರೆ ಸಾಕು. ಜನ ಇದನ್ನು ಉಲ್ಟಾ ಮಾಡುತ್ತಾರೆ. ಇನ್‌ವಾಯ್ಸಿನಲ್ಲಿ ಒಂದೇ ಪದ ಗೀಚಿ, ಪ್ಯಾಕಿಂಗ್ ಲಿಸ್ಟಿನಲ್ಲಿ ಕಾವ್ಯ ಬರೆಯುತ್ತಾರೆ. ಎರಡರಲ್ಲೂ ಬರೆದ ಬಣ್ಣದ ಅಂಕಿಯಲ್ಲಿ ಹತ್ತರ ವ್ಯತ್ಯಾಸ ಬಂತೋ, ಬ್ಯಾಂಕಿನವನು ಕಾಗದ ವಾಪಸು ತಳ್ಳುತ್ತಾನೆ. ನಾನೇ ಎಷ್ಟೋ ತಳ್ಳಿದ್ದೇನೆ, ಸಂತೋಷದಿಂದ.

ಎರಡನೆಯ ದಿನ ತೂಕಕ್ಕೆ ಬಂದೆವು. ಚೀನೀ ತೂಕದ ಮಾತುಗಳು ನನಗೆ ಮೊದಲಿನಿಂದಲೂ ಇಷ್ಟ. ಒಟ್ಟು ತೂಕ 毛重, ಮಾವ್ ಜೊಂಗ್. ಮಾವ್ ಎಂದರೆ ಕೂದಲು, ತುಪ್ಪಳ. ಚೀಲದ ತೂಕ 皮重, ಪೀ ಜೊಂಗ್, ಪೀ ಎಂದರೆ ಚರ್ಮ. ನಿವ್ವಳ ತೂಕ 净重, ಜಿಂಗ್ ಜೊಂಗ್, ಅಂದರೆ ತೊಳೆದು ಶುದ್ಧವಾದ ತೂಕ. ತುಪ್ಪಳ ಸಮೇತ ತೂಗು, ಚರ್ಮ ಕಳೆ, ಉಳಿದದ್ದು ಶುದ್ಧ. ಲೆಕ್ಕ ಬಾರದವನಿಗೂ ನೆನಪಿನಲ್ಲಿ ಉಳಿಯುತ್ತದೆ.

ಅಳಿಯನ ಲೆಕ್ಕ ಹೀಗಿತ್ತು. ನಲವತ್ತು ಅಡಿಯ ಒಂದು ಕಂಟೇನರಿಗೆ 25 ಕೆಜಿಯ 560 ಗೋಣಿಚೀಲ. ನಿವ್ವಳ 14,000 ಕೆಜಿ. ಖಾಲಿ ಚೀಲದ ತೂಕ ಕೇಳಿದರೆ, "ಅರ್ಧಾ ಕೆಜಿ ಇರಬೇಕ್ರಿ" ಅಂದ. ಇರಬೇಕು ಎಂಬುದು ತೂಕ ಆಗುವುದಿಲ್ಲ. ಹತ್ತು ಖಾಲಿ ಚೀಲ ಒಟ್ಟಿಗೆ ತಕ್ಕಡಿಗೆ ಹಾಕಿಸಿದೆ. ನಾಲ್ಕು ಕೆಜಿ ಬಂತು. ಅಲ್ಲಿಗೆ ಚೀಲವೊಂದಕ್ಕೆ 400 ಗ್ರಾಂ, 560 ಚೀಲಕ್ಕೆ 224 ಕೆಜಿ. ಒಟ್ಟು ತೂಕ 14,224 ಕೆಜಿ. ಅರ್ಧ ಕೆಜಿ ಎಂದು ಹಿಡಿದಿದ್ದರೆ 14,280 ಬರೆಯಬೇಕಾಗುತ್ತಿತ್ತು. ಐವತ್ತಾರು ಕೆಜಿ ಮೆಣಸಿನಕಾಯಿ ಎಲ್ಲಿ ಹೋಯಿತು ಎಂದು ಅಲ್ಲಿ ಯಾರಾದರೂ ಕೇಳಿದರೆ ಇಲ್ಲಿಂದ ಉತ್ತರ ಕೊಡುವವರು ಯಾರು?

ಬಂದರಿನಲ್ಲಿ ಇನ್ನೊಂದು ತೂಕ ಕೇಳುತ್ತಾರೆ. ಹಡಗಿನ ಸುರಕ್ಷತೆಗಾಗಿ 2016ರ ಜುಲೈ 1ರಿಂದ ಬಂದ ನಿಯಮದ ಪ್ರಕಾರ ಕಂಟೇನರಿನ ಪರಿಶೀಲಿಸಿದ ತೂಕ ಕೊಡಬೇಕು, ಅದರಲ್ಲಿ ಕಬ್ಬಿಣದ ಡಬ್ಬಿಯ ತೂಕವೂ ಸೇರುತ್ತದೆ. ಡಬ್ಬಿಯೇ ಸುಮಾರು 3,900 ಕೆಜಿ ಇದ್ದರೆ ಆ ತೂಕ ಹದಿನೆಂಟು ಟನ್ ದಾಟುತ್ತದೆ. ಅದನ್ನು ನೋಡಿ ಹೆದರಿ ಪ್ಯಾಕಿಂಗ್ ಲಿಸ್ಟಿನ ಒಟ್ಟು ತೂಕ ತಿದ್ದಲು ಹೋಗಬಾರದು. ಎರಡೂ ಬೇರೆ ಬೇರೆ ತೂಕ, ಎರಡೂ ಸರಿ.

ಇನ್ನು ತೂಕದ ಅಳತೆ. ಗುಮಾಸ್ತ ಒಂದು ಕಡೆ 千克 ಎಂದು ಬರೆದಿದ್ದ, ಅದು ಕಿಲೋಗ್ರಾಂ. ಮತ್ತೊಂದು ಕಡೆ ಬರಿಯ 斤 ಎಂದು ಬರೆದಿದ್ದ. ಜಿನ್ ಎಂಬ ಈ ಅಳತೆ ಚೀನದ ಸಂತೆಯಲ್ಲಿ ಇವತ್ತಿಗೂ ನಡೆಯುತ್ತದೆ, ಈಗ ಅದು ಅರ್ಧ ಕೆಜಿ. 公斤, ಗೊಂಗ್‌ಜಿನ್, ಎಂದರೆ ಮಾತ್ರ ಒಂದು ಕೆಜಿ. ಮುಂದಿನ ಒಂದು ಅಕ್ಷರ ಬಿಟ್ಟುಹೋದದ್ದಕ್ಕೆ ಅಳಿಯನ ಹದಿನಾಲ್ಕು ಟನ್ ಕಾಗದದ ಮೇಲೆ ಏಳು ಟನ್ ಆಗಿತ್ತು. "ಅರ್ಧಾ ಮಾಲು ಅಣೆಕಟ್ಟಿನ್ಯಾಗ ಚೆಲ್ಲಿದ್ನೇನ್ರಿ ಮಾವಾ?" ಎಂದು ಅವನೇ ನಕ್ಕ. ಎಲ್ಲ ಕಡೆ 千克 ಒಂದನ್ನೇ ಬಳಸಿಸಿದೆವು. ಕೊನೆಗೆ ಚೀನೀ ಭಾಗ ಇಷ್ಟಕ್ಕೆ ಇಳಿಯಿತು:

```
品名: 干辣椒（未磨）
件数: 560 包
净重: 14,000 千克
毛重: 14,224 千克
原产国: 印度
```

ಮೊದಲ ಸಾಲು ಸರಕಿನ ಹೆಸರು: ಗಾನ್ ಲಾಜಿಯಾವ್, ಒಣ ಮೆಣಸಿನಕಾಯಿ, ಆವರಣದಲ್ಲಿ ವೇ ಮೊ, ಬೀಸಿಲ್ಲ. ಎರಡನೆಯದು ಚೀಲಗಳ ಎಣಿಕೆ. ಕೊನೆಯದು ಮೂಲ ದೇಶ, ಯಿನ್‌ದು, ನಾವೇ. ಈ ಐದು ಸಾಲಿನಲ್ಲಿ ಒಂದೂ ವಿಶೇಷಣ ಇಲ್ಲ. ಅಳಿಯ ಎರಡು ಸಲ ಓದಿಸಿಕೊಂಡು, "ಇದು ಭಾಳ ಬಡವರ ಮದುವಿ ಪತ್ರಿಕಿ ಆತು ನೋಡ್ರಿ" ಅಂದ.

ಬೀಸಿಲ್ಲ ಎಂದು ಬರೆದ ಮೇಲೆ ಚೀಲದೊಳಗೆ ಹಾಗೆಯೇ ಇರಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಕಾಯಿ ತೀರಾ ಒಣಗಿಸಿ ಒತ್ತಿ ತುಂಬಿದರೆ ಮುರಿಯುತ್ತದೆ, ಬೀಜ ಉದುರುತ್ತದೆ, ಚೀಲ ಬಿಚ್ಚಿದಾಗ ತಳದಲ್ಲಿ ಚೂರು ಮತ್ತು ಬೀಜ ಕಂಡು ಇದು ಇಡಿಯದ್ದೋ ಕುಟ್ಟಿದ್ದೋ ಎಂಬ ಪ್ರಶ್ನೆ ಏಳುತ್ತದೆ. ಹಾಗೆಂದು ಮೆತ್ತಗಿರಲಿ ಎಂದು ತೇವ ಬಿಟ್ಟರೆ ಹಡಗಿನಲ್ಲಿ ಬೂಷ್ಟು ಬರುತ್ತದೆ. ತೇವ ಹೋದಂತೆ ತೂಕವೂ ಹೋಗುತ್ತದೆ. ತುಂಬುವಾಗ 12% ತೇವ ಇದ್ದ 14,000 ಕೆಜಿಯಲ್ಲಿ ಒಣ ಪದಾರ್ಥ 12,320 ಕೆಜಿ. ದಾರಿಯಲ್ಲಿ ತೇವ 10%ಕ್ಕೆ ಇಳಿದರೆ ಅದೇ ಕಾಯಿ ಅಲ್ಲಿ ಸುಮಾರು 13,689 ಕೆಜಿ ತೂಗುತ್ತದೆ. ಯಾರೂ ಒಂದು ಕಾಯಿ ಕದಿಯದೆ 311 ಕೆಜಿ ಕಡಿಮೆ! ಆದ್ದರಿಂದ ಯಾವ ತೂಕಕ್ಕೆ ಹಣ, ಇಲ್ಲಿ ಹತ್ತಿಸಿದ್ದಕ್ಕೋ ಅಲ್ಲಿ ಇಳಿಸಿದ್ದಕ್ಕೋ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಪ್ಯಾಕಿಂಗ್ ಲಿಸ್ಟ್ ಆ ಜಗಳ ಬಿಡಿಸಲಾರದು. ತುಂಬಿದ ದಿನ ಎಷ್ಟಿತ್ತು ಎಂದಷ್ಟೇ ಅದಕ್ಕೆ ಗೊತ್ತು.

ಚೀಲದ ಮೈ ಮೇಲಿನ ಗುರುತಿಗೆ ಚೀನದವರು 唛头, ಮಾತೋ, ಅನ್ನುತ್ತಾರೆ. ಇಂಗ್ಲಿಷಿನ 'ಮಾರ್ಕ್' ಕ್ಯಾಂಟನ್ನಿನ ವ್ಯಾಪಾರಿಗಳ ಬಾಯಲ್ಲಿ ಹೀಗಾಯಿತು. ಗುರುತೇ ಇಲ್ಲದಿದ್ದರೆ ಆ ಕಾಲಮಿನಲ್ಲಿ N/M ಎಂದು ಬರೆಯುವುದು ರೂಢಿ. ಆದರೆ ತಿನ್ನುವ ಪದಾರ್ಥಕ್ಕೆ ಈಗ ಆ ಸುಖ ಇಲ್ಲ. ಚೀನದ ಸುಂಕ ಇಲಾಖೆಯ 248ನೆಯ ಆದೇಶ 2022ರ ಜನವರಿ 1ರಿಂದ ಜಾರಿಗೆ ಬಂದಾಗ, ಹೊರದೇಶದ ಆಹಾರ ತಯಾರಕರು ಅಲ್ಲಿ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನೋ ತಮ್ಮ ದೇಶ ಒಪ್ಪಿದ ಸಂಖ್ಯೆಯನ್ನೋ ಒಳಹೊರ ಪ್ಯಾಕಿನ ಮೇಲೆ ಹಾಕಬೇಕು ಎಂದಾಯಿತು. ಮಸಾಲೆಯೂ ಆ ಆದೇಶದ ವ್ಯಾಪ್ತಿಗೆ ಬಂತು. ನೋಂದಣಿ ಬೇಕಾದದ್ದು ಕಾಯಿಯನ್ನು ಹಸನು ಮಾಡಿ ತುಂಬಿದ ಘಟಕಕ್ಕೆ. ಅಳಿಯ ಒಂದು ಘಟಕದಲ್ಲಿ ತುಂಬಿಸಿ, ಜಾಗ ಸಾಲದೆ ಕೊನೆಯ ನಲವತ್ತು ಚೀಲವನ್ನು ಪಕ್ಕದ ಗೋದಾಮಿನಲ್ಲಿ ತುಂಬಿಸುವ ಯೋಚನೆಯಲ್ಲಿದ್ದ. ಆ ನಲವತ್ತು ಚೀಲದ ಮೇಲೆ ಯಾರ ಸಂಖ್ಯೆ ಹಾಕುತ್ತೀ ಎಂದು ಕೇಳಿದೆ. ಮರುದಿನ ಹೋಗಿ ಅವನ್ನೂ ಮೊದಲಿನ ಘಟಕಕ್ಕೇ ಸಾಗಿಸಿದ. ಯಲ್ಲಮ್ಮದೇವಿ ಪ್ರಸನ್ನ ಮಾತ್ರ ಚೀಲದ ಮೇಲೆ ಉಳಿಯಿತು. ಅದನ್ನು ತೆಗೆಯಲು ನನಗೂ ಧೈರ್ಯ ಇರಲಿಲ್ಲ, ಯಾವ ನಿಯಮವೂ ಅದಕ್ಕೆ ಅಡ್ಡ ಬರುವುದಿಲ್ಲ.

ಯಲ್ಲಮ್ಮನ ಹೆಸರು ಬಂದ ಮೇಲೆ ಭಂಡಾರದ ಮಾತು ಬರಲೇಬೇಕು. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಇಡೀ ಗುಡ್ಡವೇ ಅರಿಶಿನ ಆಗುವುದನ್ನು ನೋಡಿದ ಅಳಿಯನಿಗೆ ಮುಂದಿನ ಸರಕು ಯಾವುದೆಂದು ಹೊಳೆಯಲು ತಡವಾಗಲಿಲ್ಲ. "ಅರಿಷಿಣಕ್ಕ ಇಡೀದು ಬ್ಯಾರೆ ನಂಬರು, ಪುಡಿ ಬ್ಯಾರೆ ನಂಬರು ಹೌದಿಲ್ರಿ?" ಎಂದು ಕೇಳಿದ. ಅಲ್ಲ. ಆರಂಕಿಯ ಪಟ್ಟಿಯಲ್ಲಿ ಅರಿಶಿನಕ್ಕೆ ಒಂದೇ ಮನೆ, 0910.30. ಕೊಂಬಾಗಲಿ ಪುಡಿಯಾಗಲಿ ಅಲ್ಲಿಯೇ. ಮೆಣಸಿನಕಾಯಿ ಬೀಸಿದರೆ ಮನೆ ಬಿಡುತ್ತದೆ, ಶುಂಠಿ ಬೀಸಿದರೂ ಬಿಡುತ್ತದೆ, ಅರಿಶಿನ ಮಾತ್ರ ಕದಲುವುದಿಲ್ಲ. ನಮ್ಮ ದೇಶದ ಎಂಟಂಕಿಯ ಪಟ್ಟಿಯಲ್ಲಿ ಪುಡಿಗೆ ಬೇರೆ ಸಾಲು ಇದೆ. ಹಾಗಾಗಿ ಇಲ್ಲಿಯ ಶಿಪ್ಪಿಂಗ್ ಬಿಲ್ಲಿನ ಎಂಟಂಕಿ ಅಲ್ಲಿಯ ಘೋಷಣೆಯ ಸಂಕೇತಕ್ಕೆ ಸರಿಹೊಂದದಿದ್ದರೆ ಗಾಬರಿ ಬೇಡ, ಮೊದಲ ಆರು ಕೂಡಿದರೆ ಸಾಕು.

ಇಷ್ಟರಲ್ಲಿ ನಮ್ಮಕ್ಕ, ಅಂದರೆ ಅವನ ತಾಯಿ, ಖರೀದಿದಾರನಿಗೆ ಉಡುಗೊರೆಯಾಗಿ ಎರಡು ಡಬ್ಬಿ ಮಸಾಲೆ ಖಾರ ಕಟ್ಟಿಟ್ಟಿದ್ದಳು. ಅದನ್ನೂ ಕಂಟೇನರಿನ ಮೂಲೆಗೆ ಇಟ್ಟುಬಿಡಿ ಎಂಬುದು ಅವಳ ಸಲಹೆ. ನಾನು ಹೌಹಾರಿದೆ. ಬರಿಯ ಮಸಾಲೆಗಳ ಮಿಶ್ರಣ ಆದರೆ 0910.91. ಉಪ್ಪು, ಎಣ್ಣೆ, ಹುರಿದ ಉಳ್ಳಾಗಡ್ಡಿ ಬಿದ್ದು ಕಲಸಿದ ಖಾರ ಆದರೆ ಅದು ಒಂಬತ್ತನೆಯ ಅಧ್ಯಾಯವನ್ನೇ ಬಿಟ್ಟು 2103ಕ್ಕೆ ಹೋಗುತ್ತದೆ, ಜೊತೆಗೆ 配料, ಒಳಗೆ ಏನೇನು ಬಿದ್ದಿದೆ ಎಂಬ ಪೂರ್ತಿ ಪಟ್ಟಿ ಕೊಡಬೇಕು. ಪ್ಯಾಕಿಂಗ್ ಲಿಸ್ಟಿನಲ್ಲಿ ಕಾಣದ ಎರಡು ಡಬ್ಬಿಗಳು 560 ಚೀಲಗಳನ್ನೂ ಹಿಡಿದು ನಿಲ್ಲಿಸಬಲ್ಲವು. ಏನೇನು ಹಾಕಿದ್ದೀ ಹೇಳು, ಬರೆದುಕೊಳ್ಳುತ್ತೇನೆ ಎಂದು ಪೆನ್ನು ತೆಗೆದೆ.

"ನನ್ನ ಸ್ವಂತ ಸೊಸಿಗೇ ಹೇಳಿಲ್ಲ, ಚೀನದಾವಗ ಹೇಳ್ತೀನೇನು?" ಎಂದು ಅಕ್ಕ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.